ನಿಂಬೆ ಗಾತ್ರದ ಹುಣಸೆ ಎಂದರೆ ಎಷ್ಟು ಗ್ರಾಂ? ಸಾರು, ಹುಳಿ, ಗೊಜ್ಜಿಗೆ ಒಂದು ಅಳತೆ

ಅಡುಗೆಯ ಬಗ್ಗೆ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು. ‘ನಿಂಬೆ ಗಾತ್ರದ ಹುಣಸೆಹಣ್ಣು ನೆನೆಸಿ ರಸ ತೆಗೆಯಿರಿ’ ಎಂದು ಎಲ್ಲ ಪಾಕವಿಧಾನಗಳೂ ಹೇಳುತ್ತವೆ. ಆದರೆ ಅದು ಎಷ್ಟು ಗ್ರಾಂ, ಎಷ್ಟು ನೀರಿನಲ್ಲಿ ನೆನೆಸಬೇಕು, ಎಷ್ಟು ರಸ ಬರಬೇಕು, ಅದರಲ್ಲಿ ಎಷ್ಟನ್ನು ಸಾರಿಗೆ ಹಾಕಬೇಕು ಎಂಬುದನ್ನು ಹೇಳುವುದಿಲ್ಲ. ಅದೇ ಮನೆಯಲ್ಲಿ, ಅದೇ ಪುಡಿಯಿಂದ ಮಾಡಿದ ಸಾರು ಒಂದು ದಿನ ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಗಿ, ಮರುದಿನ ಸಪ್ಪೆಯಾಗುವುದಕ್ಕೆ ಬಹುಪಾಲು ಕಾರಣ ಈ ಲೆಕ್ಕ ತಪ್ಪುವುದೇ. ಇಲ್ಲಿ ತೂಕದಿಂದ ಆರಂಭಿಸಿ ಪಾತ್ರೆಯವರೆಗೆ ಹಂತ ಹಂತವಾಗಿ ಹೋಗೋಣ. ಉದಾಹರಣೆಗೆ ನಾಲ್ಕು ಜನರಿಗೆ ಸಾಲುವ ಒಂದು ಲೀಟರ್ ಬೇಳೆ ಸಾರನ್ನು ಇಟ್ಟುಕೊಂಡಿದ್ದೇನೆ. ಅದು ಹಿಡಿತಕ್ಕೆ ಬಂದರೆ ಹುಳಿ, ಗೊಜ್ಜುಗಳ ಲೆಕ್ಕ ಸುಲಭ.

ಬೇಕಾಗುವುದು

ಒಂದು ಗ್ರಾಂವರೆಗೆ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಒಳ್ಳೆಯದು. ಇಲ್ಲದಿದ್ದರೂ ನಡೆಯುತ್ತದೆ, ಅದಕ್ಕೆ ಉಪಾಯ ಮುಂದೆ ಇದೆ. ಮಿಲಿಲೀಟರ್ ಗುರುತಿರುವ ಒಂದು ಅಳತೆ ಲೋಟ, 15 ಮಿ.ಲೀ. ಹಿಡಿಯುವ ದೊಡ್ಡ ಚಮಚ, ಸ್ಟೀಲು ಅಥವಾ ಗಾಜಿನ ಬಟ್ಟಲು, ಸ್ವಲ್ಪ ದಪ್ಪ ಕಣ್ಣಿನ ಜಾಲರಿ ಬೇಕು. ಟೀ ಸೋಸುವ ಸಣ್ಣ ಜಾಲರಿಯಲ್ಲಿ ಹುಣಸೆಯ ತಿರುಳು ಇಳಿಯುವುದಿಲ್ಲ. ನೀರು ಮಾತ್ರ ಇಳಿದು ಗಟ್ಟಿ ಭಾಗ ಮೇಲೆಯೇ ಉಳಿಯುತ್ತದೆ. ಕಲಾಯಿ ಇಲ್ಲದ ಹಿತ್ತಾಳೆ, ತಾಮ್ರ, ಅಲ್ಯೂಮಿನಿಯಂ ಪಾತ್ರೆಗಳಲ್ಲಿ ಹುಣಸೆ ನೆನೆಸಬೇಡಿ. ಹುಳಿ ಲೋಹವನ್ನು ಕರಗಿಸುತ್ತದೆ. ಹಿತ್ತಾಳೆ ಪಾತ್ರೆಯನ್ನು ಹುಣಸೆಯಿಂದ ಉಜ್ಜಿದರೆ ಫಳಫಳ ಹೊಳೆಯುವುದೂ ಇದೇ ಕಾರಣಕ್ಕೆ.

ಹಂತ 1: ನಿಮ್ಮ ಕೈಯಲ್ಲಿರುವುದು ಯಾವ ಹುಣಸೆ ಎಂದು ನೋಡಿ

ತೂಕ ಹಾಕುವ ಮೊದಲು ಮೂರು ವಿಷಯ ಗಮನಿಸಿ.

ಮೊದಲನೆಯದು ಬೀಜ. ಸಿಪ್ಪೆ ಸುಲಿದು ಬೀಜ ತೆಗೆಯದೆ ಮಾರುವ ಹುಣಸೆಯಲ್ಲಿ ತೂಕದ ಮೂರರಲ್ಲೊಂದು ಭಾಗಕ್ಕಿಂತ ಹೆಚ್ಚು ಬೀಜವೇ ಇರುತ್ತದೆ. ಅಂದರೆ 10 ಗ್ರಾಂ ಬೀಜದ ಹುಣಸೆಯಲ್ಲಿ ನಿಮಗೆ ಸಿಗುವ ತಿರುಳು ಸುಮಾರು 6 ಗ್ರಾಂ. ಈ ಲೇಖನದ ಎಲ್ಲ ಅಳತೆಗಳೂ ಬೀಜ ತೆಗೆದ ಹಣ್ಣಿನವು. ಬೀಜ ಇರುವ ಹಣ್ಣನ್ನು ಬಳಸುವುದಾದರೆ ನಾನು 10 ಗ್ರಾಂ ಎಂದ ಕಡೆ ನೀವು 16 ಗ್ರಾಂ ತೆಗೆದುಕೊಳ್ಳಿ. ‘ಬೀಜರಹಿತ’ ಎಂದು ಬರೆದ ಪೊಟ್ಟಣದಲ್ಲೂ ಒಂದೆರಡು ಬೀಜ, ಸಿಪ್ಪೆಯ ಚೂರು, ನಾರು ಇದ್ದೇ ಇರುತ್ತವೆ. ಅವನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮುಂದಿನ ಅಳತೆಗಳನ್ನು ಕೊಟ್ಟಿದ್ದೇನೆ.

ಎರಡನೆಯದು ಹೊಸತೋ ಹಳತೋ ಎಂಬುದು. ನಮ್ಮಲ್ಲಿ ಹುಣಸೆ ಕೊಯ್ಲು ಬೇಸಿಗೆಯ ಆರಂಭದಲ್ಲಿ ನಡೆಯುತ್ತದೆ. ತುಮಕೂರಿನಂಥ ಮಾರುಕಟ್ಟೆಗಳಲ್ಲಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೊಸ ಹಣ್ಣಿನ ರಾಶಿ ಬೀಳುತ್ತದೆ. ಹೊಸ ಹಣ್ಣು ಕೆಂಪು ಮಿಶ್ರಿತ ಕಂದು ಬಣ್ಣದ್ದು, ಸ್ವಲ್ಪ ತೇವ ಹೆಚ್ಚು, ಹುಳಿ ಥಟ್ಟನೆ ನಾಲಿಗೆಗೆ ತಾಗುತ್ತದೆ. ವರ್ಷ ಕಳೆದಂತೆ ಅದು ಕಪ್ಪಾಗುತ್ತದೆ, ರುಚಿ ಮಾಗಿದಂತಾಗುತ್ತದೆ. ಕಪ್ಪಾದ ಮಾತ್ರಕ್ಕೆ ಹುಳಿ ಹೋಯಿತೆಂದು ಭಾವಿಸಿ ಹೆಚ್ಚು ಹಾಕುವುದು ಸಾಮಾನ್ಯ ತಪ್ಪು. ಹುಣಸೆಯ ಹುಳಿ ಮುಖ್ಯವಾಗಿ ಟಾರ್ಟಾರಿಕ್ ಆಮ್ಲದಿಂದ ಬರುತ್ತದೆ. ಅದು ಗಾಳಿಗೆ ಆರಿ ಹೋಗುವಂಥದ್ದಲ್ಲ. ತಿಳಿಯಾದ ಸಾರಿಗೆ ಹೊಸ ಹಣ್ಣು ಚೆನ್ನ, ಬಣ್ಣ ಕೆಡುವುದಿಲ್ಲ. ಗೊಜ್ಜಿಗೆ, ಪುಳಿಯೋಗರೆಗೆ ಹಳೆಯ ಹಣ್ಣೇ ಚೆನ್ನ.

ಮೂರನೆಯದು ಉಪ್ಪು. ಹುಳ ಬೀಳದಿರಲೆಂದು ಅನೇಕ ಮನೆಗಳಲ್ಲಿ ಹುಣಸೆಗೆ ಕಲ್ಲುಪ್ಪು ಬೆರೆಸಿ ಭರಣಿಯಲ್ಲಿ ತುಂಬಿಡುತ್ತಾರೆ. ಅಂಥ ಹಣ್ಣಾದರೆ ಸಾರಿನ ಉಪ್ಪನ್ನು ಕೊನೆಯಲ್ಲಿ ರುಚಿ ನೋಡಿಯೇ ಹಾಕಬೇಕು.

ಹೊರದೇಶದಲ್ಲಿರುವವರು ಒಂದು ಮಾತು ಗಮನಿಸಬೇಕು. ಅಲ್ಲಿ ಸಿಗುವ ಥಾಯ್ಲೆಂಡಿನ ಹುಣಸೆ ಇಟ್ಟಿಗೆಗಳು ಮೆತ್ತಗೆ, ತೇವವಾಗಿರುತ್ತವೆ. ಅದೇ ತೂಕಕ್ಕೆ ಹುಳಿ ಕಡಿಮೆ ಸಿಗುವುದು ಹೆಚ್ಚು. ಸಿಪ್ಪೆಸಮೇತ ಪೆಟ್ಟಿಗೆಯಲ್ಲಿ ಬರುವ ಸಿಹಿ ಹುಣಸೆ ಹಾಗೆಯೇ ತಿನ್ನಲು ಇರುವ ಬೇರೆ ಬಗೆ, ಅದರಿಂದ ಸಾರಿಗೆ ಹುಳಿ ಬರುವುದಿಲ್ಲ.

ಹಂತ 2: ಗಾತ್ರವನ್ನು ಬಿಟ್ಟು ತೂಕಕ್ಕೆ ಬನ್ನಿ

ಗಾತ್ರದ ಅಳತೆ ಏಕೆ ಕೈಕೊಡುತ್ತದೆ ಎಂಬುದಕ್ಕೆ ಸರಳ ಗಣಿತವಿದೆ. ಉಂಡೆಯ ಅಡ್ಡಳತೆ ಸ್ವಲ್ಪ ಹೆಚ್ಚಾದರೆ ತೂಕ ಬಹಳ ಹೆಚ್ಚಾಗುತ್ತದೆ. 3 ಸೆಂಟಿಮೀಟರ್ ಅಡ್ಡಳತೆಯ ಉಂಡೆಗೂ 4 ಸೆಂಟಿಮೀಟರಿನ ಉಂಡೆಗೂ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ, ಎರಡನ್ನೂ ನಿಂಬೆ ಗಾತ್ರ ಎಂದೇ ಕರೆಯುತ್ತೇವೆ. ಆದರೆ ಎರಡನೆಯದು ಮೊದಲನೆಯದಕ್ಕಿಂತ ಎರಡೂಕಾಲು ಪಟ್ಟಿಗೂ ಹೆಚ್ಚು ತೂಗುತ್ತದೆ. ಸಾರು ಕೆಡಲು ಅಷ್ಟು ಸಾಕು.

ಬೀಜ ತೆಗೆದ ಹಣ್ಣನ್ನು ಬೆರಳಿನಿಂದ ಒತ್ತಿ ಉಂಡೆ ಕಟ್ಟಿದರೆ ತೂಕ ಸರಿಸುಮಾರು ಹೀಗೆ ಬರುತ್ತದೆ:

- ಸುಲಿದ ಅಡಿಕೆ ಗಾತ್ರ: 5ರಿಂದ 8 ಗ್ರಾಂ
- ಸಣ್ಣ ಕಾಡು ನೆಲ್ಲಿಕಾಯಿ ಗಾತ್ರ: 10 ಗ್ರಾಂ
- ಸಣ್ಣ ನಿಂಬೆ ಗಾತ್ರ: 20ರಿಂದ 25 ಗ್ರಾಂ
- ದೊಡ್ಡ ನಿಂಬೆ ಗಾತ್ರ: 40ರಿಂದ 50 ಗ್ರಾಂ

ನೆಲ್ಲಿಕಾಯಿ ವಿಷಯದಲ್ಲಿ ಎಚ್ಚರ ಬೇಕು. ಹಳೆಯ ಪಾಕವಿಧಾನಗಳು ಹೇಳುವ ನೆಲ್ಲಿಕಾಯಿ ಸಾಮಾನ್ಯವಾಗಿ ಕಾಡಿನ ಸಣ್ಣ ಕಾಯಿ. ಈಗ ಅಂಗಡಿಯಲ್ಲಿ ಸಿಗುವ ದೊಡ್ಡ ನೆಲ್ಲಿಕಾಯಿಯ ಗಾತ್ರಕ್ಕೆ ಉಂಡೆ ಕಟ್ಟಿದರೆ 30 ಗ್ರಾಂ ದಾಟಬಹುದು.

ತಕ್ಕಡಿ ಇಲ್ಲದವರು ಹೀಗೆ ಮಾಡಿ. ಬೀಜರಹಿತ ಹಣ್ಣಿನ ಅರ್ಧ ಕಿಲೋ ಪೊಟ್ಟಣ ತಂದ ದಿನ ಹಣ್ಣನ್ನು ಪೂರ್ತಿ ಬಿಡಿಸಿ ಉಳಿದ ಬೀಜ, ಸಿಪ್ಪೆ, ಕಲ್ಲು ಆರಿಸಿ. ಅದನ್ನು ಚೌಕಾಕಾರದ ತಟ್ಟೆಯಲ್ಲಿ ಒಂದೇ ದಪ್ಪಕ್ಕೆ ಒತ್ತಿ ಹರಡಿ, ಉದ್ದಕ್ಕೆ 10 ಭಾಗ, ಅಡ್ಡಕ್ಕೆ 5 ಭಾಗ ಬರುವಂತೆ ಚಾಕುವಿನಿಂದ ಗೆರೆ ಎಳೆದು ಕತ್ತರಿಸಿ. 50 ತುಂಡು ಬರುತ್ತವೆ, ಒಂದೊಂದೂ ಹತ್ತಿರಹತ್ತಿರ 10 ಗ್ರಾಂ. ಚಾಕುವಿಗೆ ಒಂದು ಹನಿ ಎಣ್ಣೆ ಸವರಿದರೆ ಅಂಟುವುದಿಲ್ಲ. ತುಂಡುಗಳನ್ನು ಉಂಡೆ ಮಾಡಿ ಒಣಗಿದ ಗಾಜಿನ ಅಥವಾ ಪಿಂಗಾಣಿಯ ಭರಣಿಯಲ್ಲಿ ಹಾಕಿಡಿ. ಆಮೇಲೆ ನಿಮಗೆ ಗ್ರಾಂ ನೆನಪಿಡುವ ಕೆಲಸವಿಲ್ಲ. ಸಾರಿಗೆ ಒಂದು ಉಂಡೆ, ಹುಳಿಗೆ ಎರಡು ಎಂದು ಎಣಿಸಿದರೆ ಸಾಕು. ತಕ್ಕಡಿ ಇರುವವರೂ ಹೀಗೇ ಮಾಡುವುದು ನನಗೆ ಸರಿಯೆನಿಸುತ್ತದೆ. ಬೆಳಗಿನ ಗಡಿಬಿಡಿಯಲ್ಲಿ ಅಂಟು ಕೈಯಿಂದ ತೂಕ ಹಾಕುತ್ತ ನಿಲ್ಲುವವರು ಯಾರೂ ಇಲ್ಲ.

ಹಂತ 3: ನೆನೆಸುವುದು

ಮೊದಲು ಹಣ್ಣನ್ನು ತಣ್ಣೀರಿನಲ್ಲಿ ಒಮ್ಮೆ ಜಾಲಿಸಿ ನೀರು ಚೆಲ್ಲಿ. ಧೂಳು ಹೋಗುತ್ತದೆ, ಉಪ್ಪು ಹಾಕಿಟ್ಟ ಹಣ್ಣಾದರೆ ಮೇಲಿನ ಉಪ್ಪೂ ಹೋಗುತ್ತದೆ. ಜಾಲಿಸುವುದು ಕ್ಷಣದ ಕೆಲಸವಾಗಬೇಕು, ನೀರಿನಲ್ಲಿ ಬಿಟ್ಟರೆ ಹುಳಿಯೂ ಚರಂಡಿಗೆ ಹೋಗುತ್ತದೆ.

ನಂತರ ಹಣ್ಣಿನ ತೂಕದ ಎರಡರಷ್ಟು ಬಿಸಿನೀರು ಹಾಕಿ. 10 ಗ್ರಾಂ ಹಣ್ಣಿಗೆ 20 ಮಿ.ಲೀ., 100 ಗ್ರಾಂಗೆ 200 ಮಿ.ಲೀ. ನೀರು ಕೈ ಅದ್ದಿದರೆ ಚುರುಕೆನ್ನುವಷ್ಟು ಬಿಸಿಯಿದ್ದರೆ ಸಾಕು, ಕುದಿಯಬೇಕಿಲ್ಲ. ಉಂಡೆಯನ್ನು ಬೆರಳಿನಿಂದ ಎರಡು ಮೂರು ಕಡೆ ಸೀಳಿ, ನೀರು ಒಳಗೆ ಹೋಗುವಂತೆ ಮಾಡಿ, 15ರಿಂದ 20 ನಿಮಿಷ ಬಿಡಿ. ತಣ್ಣೀರಾದರೆ ಮುಕ್ಕಾಲು ಗಂಟೆ ಬೇಕು. ಒಣಗಿ ಗಟ್ಟಿಯಾದ ಹಳೆಯ ಹಣ್ಣಿಗೆ ಇನ್ನೂ ಹತ್ತು ನಿಮಿಷ ಹೆಚ್ಚು.

ನೆಂದಿದೆಯೇ ಎಂದು ತಿಳಿಯುವುದು ಹೀಗೆ: ಉಂಡೆಯ ನಡುಭಾಗವನ್ನು ಎರಡು ಬೆರಳಿನ ನಡುವೆ ಒತ್ತಿ. ತಿರುಳು ಜಾರಿ ನಾರು ಬೇರೆಯಾದರೆ ಆಯಿತು. ಒಳಗೆ ಅಂಟಾದ ಗಂಟು ಸಿಕ್ಕಿದರೆ ಇನ್ನಷ್ಟು ಹೊತ್ತು ಬೇಕು. ಅರ್ಧ ನೆಂದ ಹಣ್ಣನ್ನು ಕಿವುಚಿದಾಗ ಆ ಗಂಟು ಹಿಪ್ಪೆಯ ಜೊತೆ ಆಚೆ ಹೋಗುತ್ತದೆ. ಸಾರು ಸಪ್ಪೆಯಾಯಿತೆಂದು ಮರುದಿನ ದೊಡ್ಡ ಉಂಡೆ ತೆಗೆದುಕೊಳ್ಳುತ್ತೇವೆ, ಆ ದಿನ ಹಣ್ಣು ಚೆನ್ನಾಗಿ ನೆಂದಿರುತ್ತದೆ, ಸಾರು ಹುಳಿಯಾಗುತ್ತದೆ. ಅಳತೆ ಒಂದೇ ಇದ್ದರೂ ರುಚಿ ದಿನಕ್ಕೊಂದು ಬಗೆಯಾಗುವ ಮನೆಗಳಲ್ಲಿ ಮೊದಲು ನೋಡಬೇಕಾದದ್ದು ಈ ನೆನೆಸುವ ಸಮಯವನ್ನು.

ಹಂತ 4: ರಸ ತೆಗೆದು ಒಂದೇ ಗಟ್ಟಿತನಕ್ಕೆ ತರುವುದು

ಈ ಹಂತವೇ ಇಡೀ ಲೆಕ್ಕದ ಬೆನ್ನೆಲುಬು. ಪಾಕವಿಧಾನದಲ್ಲಿ ‘ಎರಡು ಚಮಚ ಹುಣಸೆ ರಸ’ ಎಂದಿದ್ದರೆ ಅದಕ್ಕೆ ಅರ್ಥ ಬರಬೇಕಾದರೆ ರಸದ ಗಟ್ಟಿತನ ಎಂದೂ ಒಂದೇ ಆಗಿರಬೇಕು. ನಾನು ಸೂಚಿಸುವ ಪ್ರಮಾಣ ಇದು: ಒಂದು ಗ್ರಾಂ ಹಣ್ಣಿಗೆ 3 ಮಿ.ಲೀ. ರಸ.

ನೆಂದ ಹಣ್ಣನ್ನು ಅದೇ ನೀರಿನಲ್ಲಿ ಎರಡು ನಿಮಿಷ ಚೆನ್ನಾಗಿ ಕಿವುಚಿ. ಜಾಲರಿಗೆ ಹಾಕಿ ಚಮಚದ ಹಿಂಬದಿಯಿಂದ ಒತ್ತಿ ಸೋಸಿ, ಜಾಲರಿಯ ಅಡಿಗೆ ಅಂಟಿಕೊಂಡ ತಿರುಳನ್ನು ಮರೆಯದೆ ಕೆರೆದು ಬಟ್ಟಲಿಗೆ ಸೇರಿಸಿ. ಅದೇ ಹೆಚ್ಚು ಹುಳಿ ಇರುವ ಭಾಗ. ಇದು ಮೊದಲ ರಸ. ಉಳಿದ ಹಿಪ್ಪೆಗೆ, ಅಂದರೆ ನಾರು, ಬೀಜ, ಸಿಪ್ಪೆಗಳ ಉಳಿಕೆಗೆ, ಹಣ್ಣಿನ ತೂಕದ ಅರ್ಧದಷ್ಟು ನೀರು ಹಾಕಿ ಮತ್ತೊಮ್ಮೆ ಕಿವುಚಿ ಸೋಸಿ. ಎರಡನ್ನೂ ಬೆರೆಸಿ ಅಳತೆ ಲೋಟಕ್ಕೆ ಹಾಕಿ.

100 ಗ್ರಾಂ ಹಣ್ಣು, 200 ಮಿ.ಲೀ. ಮತ್ತು 50 ಮಿ.ಲೀ. ನೀರು ಎಂದಿಟ್ಟುಕೊಳ್ಳಿ. ಒಟ್ಟು 350 ಗ್ರಾಂ ಆಯಿತು. ಅದರಲ್ಲಿ ಸುಮಾರು 60 ಗ್ರಾಂ ಒದ್ದೆ ಹಿಪ್ಪೆಯಾಗಿ ಮತ್ತು ಪಾತ್ರೆ, ಕೈಗಳಿಗೆ ಅಂಟಿ ಹೋಗುತ್ತದೆ. ರಸ ನೀರಿಗಿಂತ ಸ್ವಲ್ಪ ಭಾರವಾದ್ದರಿಂದ ಲೋಟದಲ್ಲಿ 270 ಮಿ.ಲೀ. ಆಸುಪಾಸು ಕಾಣುತ್ತದೆ. ಈಗ ನೀರು ಸೇರಿಸಿ ಸರಿಯಾಗಿ 300 ಮಿ.ಲೀ.ಗೆ ತನ್ನಿ. ಹಿಪ್ಪೆಯನ್ನು ಮತ್ತೊಮ್ಮೆ ತೊಳೆದ ನೀರನ್ನೇ ಇದಕ್ಕೆ ಬಳಸಬಹುದು. ಹೀಗೆ ಮಾಡಿದ ರಸದ ಒಂದು ದೊಡ್ಡ ಚಮಚದಲ್ಲಿ, ಅಂದರೆ 15 ಮಿ.ಲೀ.ಯಲ್ಲಿ, 5 ಗ್ರಾಂ ಹಣ್ಣಿನ ಹುಳಿ ಇರುತ್ತದೆ. ಎರಡು ಚಮಚ ಎಂದರೆ 10 ಗ್ರಾಂ ಉಂಡೆ ಒಂದು. ಇದೊಂದು ನೆನಪಿದ್ದರೆ ಉಂಡೆಯ ಅಳತೆಯಲ್ಲಿ ಬರೆದ ಪಾಕವಿಧಾನವನ್ನೂ ರಸದ ಅಳತೆಯಲ್ಲಿ ಬರೆದದ್ದನ್ನೂ ನೀವು ಸಲೀಸಾಗಿ ಅದಲುಬದಲು ಮಾಡಬಹುದು.

ಮಿಕ್ಸಿಗೆ ಹಾಕಿ ತಿರುಗಿಸುವ ಆಸೆ ಬೇಡ. ಒಂದು ಬೀಜ ಒಡೆದರೂ ಅದರ ಕೆಂಪು ಹೊಟ್ಟಿನ ಒಗರು ರಸಕ್ಕಿಳಿಯುತ್ತದೆ, ಪುಡಿಯಾದ ಸಿಪ್ಪೆ ಹಲ್ಲಿಗೆ ಮರಳಿನಂತೆ ಸಿಗುತ್ತದೆ. ಹಿಪ್ಪೆಯನ್ನು ಮೂರು ನಾಲ್ಕು ಬಾರಿ ಹಿಂಡುವುದರಿಂದಲೂ ಪ್ರಯೋಜನವಿಲ್ಲ, ಬಣ್ಣದ ನೀರು ಮಾತ್ರ ಬರುತ್ತದೆ. ತಿಳಿಸಾರು ಮಾಡುವಾಗ ಸೋಸಿದ ರಸವನ್ನು ಐದು ನಿಮಿಷ ಹಾಗೇ ಇಟ್ಟು, ಅಡಿಯಲ್ಲಿ ಕೂರುವ ಸಣ್ಣ ಮಣ್ಣು ಪಾತ್ರೆಗೆ ಬೀಳದಂತೆ ಬಗ್ಗಿಸಿಕೊಳ್ಳಿ.

ವಾರಕ್ಕಾಗುವಷ್ಟು ಒಟ್ಟಿಗೆ ಮಾಡುವವರು 300 ಮಿ.ಲೀ. ರಸವನ್ನು ಐದು ನಿಮಿಷ ಕುದಿಸಿ, ಆರಿಸಿ, ಮತ್ತೆ 300 ಮಿ.ಲೀ.ಗೆ ತಂದು ಗಾಜಿನ ಬಾಟಲಿಯಲ್ಲಿ ಫ್ರಿಜ್‌ನೊಳಗೆ ಇಡಬಹುದು. ಕುದಿಸುವಾಗ ಆವಿಯಾದ ನೀರನ್ನು ಮತ್ತೆ ಸೇರಿಸದಿದ್ದರೆ ಚಮಚಕ್ಕೆ 5 ಗ್ರಾಂ ಎಂಬ ಲೆಕ್ಕ ತಪ್ಪುತ್ತದೆ. ಒಂದು ವಾರ ಚೆನ್ನಾಗಿರುತ್ತದೆ. ಒದ್ದೆ ಚಮಚ ಹಾಕಬೇಡಿ; ಮೇಲೆ ಬೂಷ್ಟು ಕಂಡರೆ ಮೇಲಿನದನ್ನು ಮಾತ್ರ ತೆಗೆದು ಉಳಿದದ್ದನ್ನು ಬಳಸದೆ ಪೂರ್ತಿ ಚೆಲ್ಲಿ. ಇನ್ನೂ ಹೆಚ್ಚು ದಿನಕ್ಕೆ ಬೇಕಾದರೆ ಐಸ್ ಟ್ರೇಯ ಒಂದೊಂದು ಗುಳಿಗೆ ಎರಡು ಚಮಚದಂತೆ ಹಾಕಿ ಗಟ್ಟಿ ಮಾಡಿಕೊಳ್ಳಿ. ಒಂದು ಗಡ್ಡೆಗೆ 10 ಗ್ರಾಂ ಹಣ್ಣು.

ಹಂತ 5: ಸಾರಿಗೆ ಹಾಕುವುದು, ಒಂದು ಲೀಟರಿನ ಉದಾಹರಣೆ

ನಾಲ್ಕು ಜನರಿಗೆ ಒಂದು ಲೀಟರ್ ಬೇಳೆ ಸಾರು. 60 ಗ್ರಾಂ ತೊಗರಿಬೇಳೆ, ಎರಡು ಮಧ್ಯಮ ಟೊಮೆಟೊ, 12 ಗ್ರಾಂ ಹುಣಸೆಹಣ್ಣು, ಎರಡು ಟೀ ಚಮಚ ಸಾರಿನ ಪುಡಿ, ಗೋಲಿಯಷ್ಟು ಬೆಲ್ಲ, ಒಂದೂವರೆ ಟೀ ಚಮಚ ಉಪ್ಪು. ಒಗ್ಗರಣೆಗೆ ತುಪ್ಪ, ಸಾಸಿವೆ, ಇಂಗು, ಕರಿಬೇವು.

12 ಗ್ರಾಂ ಹಣ್ಣಿನಿಂದ ನಮ್ಮ ಲೆಕ್ಕದಂತೆ 36 ಮಿ.ಲೀ. ಗಟ್ಟಿ ರಸ, ಅಂದರೆ ಎರಡೂವರೆ ಚಮಚಕ್ಕೆ ತುಸು ಕಡಿಮೆ ಸಿಗುತ್ತದೆ. ಪೂರ್ತಿ ಹಾಕಬೇಡಿ. ಮೂರರಲ್ಲಿ ಎರಡು ಭಾಗವನ್ನು ಈಗ ಹಾಕಿ, ಒಂದು ಭಾಗವನ್ನು ಬಟ್ಟಲಿನಲ್ಲೇ ಉಳಿಸಿ.

ಏಕೆಂದರೆ ತೂಕ ಸರಿಯಾಗಿದ್ದರೂ ಹಣ್ಣಿನ ಹುಳಿ ಒಂದೇ ಸಮ ಇರುವುದಿಲ್ಲ. ಹುಣಸೆ ತಿರುಳಿನಲ್ಲಿ ಟಾರ್ಟಾರಿಕ್ ಆಮ್ಲ ನೂರಕ್ಕೆ 8ರಿಂದ 18 ಭಾಗದವರೆಗೆ ಏರಿಳಿಯುತ್ತದೆ. ಒಂದು ಮರದ ಹಣ್ಣು ಇನ್ನೊಂದರ ಎರಡರಷ್ಟು ಹುಳಿಯಿರಬಹುದು ಎಂದಾಯಿತು. ಅದರ ಜೊತೆಗೆ ತಿರುಳಿನಲ್ಲಿ ಸಾಕಷ್ಟು ಸಕ್ಕರೆಯೂ ಇರುತ್ತದೆ, ಅದೂ ಮರದಿಂದ ಮರಕ್ಕೆ ಬೇರೆ. ತಕ್ಕಡಿ ನಿಮ್ಮನ್ನು ಸರಿಯಾದ ಜಾಗದ ಹತ್ತಿರಕ್ಕೆ ಕರೆದೊಯ್ಯುತ್ತದೆ. ಕೊನೆಯ ಹೆಜ್ಜೆ ನಾಲಿಗೆಯದು, ಅದಕ್ಕಾಗಿಯೇ ಆ ಮೂರನೇ ಭಾಗ.

ಪಾತ್ರೆಗೆ ಹಾಕಿದ ರಸ, ಹೆಚ್ಚಿದ ಟೊಮೆಟೊ, ಒಂದು ಲೋಟ ನೀರು, ಸಾರಿನ ಪುಡಿ, ಬೆಲ್ಲ, ಉಪ್ಪು ಸೇರಿಸಿ ಮಧ್ಯಮ ಉರಿಯಲ್ಲಿ ಎಂಟು ಹತ್ತು ನಿಮಿಷ ಕುದಿಸಿ. ಹುಣಸೆಯ ಹಸಿ ವಾಸನೆ ಹೋಗಲು ಇಷ್ಟು ಬೇಕೇ ಬೇಕು. ಮೂಗಿಗೆ ಹಣ್ಣಿನ ಹಸಿಗಾಟು ಹೋಗಿ ಪುಡಿಯ ಘಮ ಮುಂದೆ ಬಂದರೆ ಸರಿ. ಹೆಚ್ಚು ಕುದಿಸಿದರೆ ಹುಳಿ ಕಡಿಮೆಯಾಗುತ್ತದೆ ಎಂಬ ನಂಬಿಕೆ ಇದೆ, ಅದು ಸರಿಯಲ್ಲ. ವಾಸನೆ ಆವಿಯಾಗುತ್ತದೆ, ಆಮ್ಲ ಆಗುವುದಿಲ್ಲ. ನೀರು ಮಾತ್ರ ಇಂಗುವುದರಿಂದ ಉಳಿದ ಸಾರು ಇನ್ನಷ್ಟು ಹುಳಿಯೇ ಆಗುತ್ತದೆ.

ಈಗ ಬೆಂದು ಕಡೆದ ಬೇಳೆಯನ್ನೂ ನೀರನ್ನೂ ಸೇರಿಸಿ ಒಟ್ಟು ಒಂದು ಲೀಟರಿಗೆ ತಂದು ಬಿಸಿ ಮಾಡಿ. ನೊರೆ ಏಳುವ ಮುನ್ನ ಒಂದು ಚಮಚ ಸಾರನ್ನು ಬಟ್ಟಲಿಗೆ ತೆಗೆದು, ಕುಡಿಯುವಷ್ಟು ಆರಿದ ಮೇಲೆ ರುಚಿ ನೋಡಿ. ಸುಡುವ ಸಾರಿನಲ್ಲಿ ಹುಳಿ ಉಪ್ಪುಗಳ ಅಳತೆ ನಾಲಿಗೆಗೆ ಸಿಗುವುದಿಲ್ಲ. ಮೊದಲು ಉಪ್ಪು ಸರಿಯಿದೆಯೇ ನೋಡಿ, ಆಮೇಲೆ ಹುಳಿಯನ್ನು ಅಳೆಯಿರಿ. ಉಪ್ಪು ಕಡಿಮೆಯಿದ್ದಾಗ ಸಾರು ಸಪ್ಪೆ ಎನಿಸುತ್ತದೆ, ನಾವು ಹುಳಿ ಸಾಲದೆಂದು ರಸ ಸುರಿಯುತ್ತೇವೆ, ನಂತರ ಉಪ್ಪು ಹಾಕಿದಾಗ ಎರಡೂ ಮೇಲೇಳುತ್ತವೆ. ಈ ಅನುಕ್ರಮ ತಪ್ಪುವುದರಿಂದ ಕೆಡುವ ಸಾರಿಗೆ ಲೆಕ್ಕವಿಲ್ಲ.

ಹುಳಿ ಬೇಕೆನಿಸಿದರೆ ಉಳಿಸಿದ ರಸವನ್ನು ಒಂದು ಟೀ ಚಮಚದಂತೆ ಸೇರಿಸಿ. ಅದನ್ನು ಹಸಿಯಾಗಿ ಹಾಕಿದರೆ ವಾಸನೆ ಬರುವುದರಿಂದ, ಸಣ್ಣ ಸೌಟಿನಲ್ಲಿ ಮೊದಲೇ ಒಂದು ಕುದಿ ಬರಿಸಿಕೊಂಡಿರಿ. ನೊರೆ ಎದ್ದ ಕೂಡಲೇ ಇಳಿಸಿ ಒಗ್ಗರಣೆ ಕೊಡಿ.

ಬೇರೆ ಬಗೆಯ ಸಾರುಗಳಿಗೆ ಒಂದು ಲೀಟರಿಗೆ ಹೀಗೆ ಬದಲಿಸಿಕೊಳ್ಳಿ. ಟೊಮೆಟೊ ಹಾಕದ ಸಾರಿಗೆ 18 ಗ್ರಾಂ. ಬೇಳೆಯಿಲ್ಲದ ಮೆಣಸಿನ ಸಾರಿಗೆ, ಟೊಮೆಟೊ ಇಲ್ಲದಿದ್ದರೂ, 15 ಗ್ರಾಂ ಸಾಕು, ಹುಳಿಯನ್ನು ತಗ್ಗಿಸಲು ಬೇಳೆ ಇಲ್ಲವಲ್ಲ. ನಾಲ್ಕೈದು ಹುಳಿ ಟೊಮೆಟೊ ಹಾಕುವ ಟೊಮೆಟೊ ಸಾರಿಗೆ 5 ಗ್ರಾಂ ಮೀರಬೇಡಿ. ಹೋಳಿಗೆಯ ದಿನ ಬೇಳೆ ಬಸಿದ ಕಟ್ಟಿನಿಂದ ಮಾಡುವ ಕಟ್ಟಿನ ಸಾರಿಗೆ ಸ್ವಲ್ಪ ಹೂರಣ ಬೆರೆಸುವ ರೂಢಿಯಿರುವವರು 20 ಗ್ರಾಂವರೆಗೆ ಹೋಗಬೇಕು, ಸಿಹಿಗೆ ಎದುರಾಗಿ ಹುಳಿ ನಿಲ್ಲಬೇಕಾದ್ದರಿಂದ.

ಹಂತ 6: ಹುಳಿ ಮತ್ತು ಗೊಜ್ಜು

ತರಕಾರಿ ಹುಳಿ, ಅಂದರೆ ಸಾಂಬಾರು, ಸಾರಿಗಿಂತ ಹೆಚ್ಚು ಹುಣಸೆ ಬೇಡುತ್ತದೆ. ಬೇಳೆಯ ಗಟ್ಟಿ, ತೆಂಗಿನಕಾಯಿಯ ಜಿಡ್ಡು, ತರಕಾರಿಯ ಸಿಹಿ ಮೂರೂ ಸೇರಿ ಹುಳಿಯನ್ನು ಮೆತ್ತಗಾಗಿಸುತ್ತವೆ. 120 ಗ್ರಾಂ ತೊಗರಿಬೇಳೆಯ ಒಂದು ಲೀಟರ್ ಹುಳಿಗೆ 20 ಗ್ರಾಂ ಹಣ್ಣಿನಿಂದ ಆರಂಭಿಸಿ. ಸಿಹಿಗುಂಬಳ, ಗೆಣಸು ಹಾಕಿದಾಗ 25 ಗ್ರಾಂ ಆದೀತು. ಟೊಮೆಟೊ ಹಾಕಿದರೆ, ಮಾವಿನಕಾಯಿ ಹಾಕಿದರೆ ಅರ್ಧಕ್ಕೆ ಇಳಿಸಿ. ಮಲೆನಾಡು, ಕರಾವಳಿಯ ಮನೆಗಳಲ್ಲಿ ವಾಟೆಹುಳಿ, ಬಿಂಬುಳಿಯಂಥವನ್ನು ಹಾಕಿದ ದಿನ ಹುಣಸೆಯನ್ನು ಕೊನೆಯಲ್ಲಿ, ರುಚಿ ನೋಡಿದ ಮೇಲೆ, ಬೇಕಾದರೆ ಮಾತ್ರ ಸೇರಿಸಿ.

ಹುಳಿಯಲ್ಲಿ ಅಳತೆಗಿಂತ ಹೆಚ್ಚಾಗಿ ಕೆಡಿಸುವುದು ಹುಣಸೆ ಹಾಕುವ ಹೊತ್ತು. ಬೇಳೆ, ತರಕಾರಿ ಪೂರ್ತಿ ಬೇಯುವವರೆಗೆ ಹುಣಸೆ ರಸ ಪಾತ್ರೆಯ ಹತ್ತಿರ ಸುಳಿಯಬಾರದು. ಕಾಳು ಮತ್ತು ತರಕಾರಿಯ ಜೀವಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತು ಆಮ್ಲದಲ್ಲಿ ಸುಲಭವಾಗಿ ಕರಗುವುದಿಲ್ಲ. ಆಲೂಗಡ್ಡೆ ಅರೆ ಬೆಂದಾಗ ಹುಣಸೆ ಹಾಕಿದರೆ ಅರ್ಧ ಗಂಟೆ ಕುದಿಸಿದರೂ ಹೋಳು ಗಟ್ಟಿಯಾಗಿಯೇ ಇರುತ್ತದೆ. ಹುರುಳಿ, ಅಲಸಂದೆ ಕಾಳುಗಳಲ್ಲಿ ಇದು ಇನ್ನೂ ಸ್ಪಷ್ಟ. ಕುಕ್ಕರಿನಲ್ಲಿ ಬೇಳೆಯ ಜೊತೆಗೇ ಹುಣಸೆ ಹಾಕಿ ‘ಬೇಳೆ ಸರಿಯಿಲ್ಲ’ ಎಂದು ಅಂಗಡಿಯವರನ್ನು ದೂರುವವರೂ ಇದ್ದಾರೆ, ತಪ್ಪು ಬೇಳೆಯದಲ್ಲ.

ಹುಣಸೆಯ ಹುಳಿಯನ್ನು ಇನ್ನೆರಡು ಕಡೆ ಬೇಕೆಂದೇ ಬಳಸಿಕೊಳ್ಳುತ್ತೇವೆ. ಬೆಂಡೆಕಾಯಿ ಹುರಿಯುವಾಗ ಒಂದು ಟೀ ಚಮಚ ರಸ ಚಿಮುಕಿಸಿದರೆ ಲೋಳೆ ಕಡಿಮೆಯಾಗಿ ಹೋಳು ಬಿಡಿಯಾಗಿ ಉಳಿಯುತ್ತದೆ. ಕೆಸುವಿನ ಎಲೆ, ಸುವರ್ಣಗಡ್ಡೆಗಳ ತುರಿಕೆ ತಗ್ಗಲು ಹುಣಸೆಯನ್ನು ಧಾರಾಳವಾಗಿ ಹಾಕುತ್ತಾರೆ. ಅಲ್ಲಿ ಈ ಲೇಖನದ ಅಳತೆ ಮೀರಿದರೂ ಸರಿ, ತುರಿಸುವ ಗಂಟಲಿಗಿಂತ ಹುಳಿ ನಾಲಿಗೆ ವಾಸಿ.

ಗೊಜ್ಜಿನಲ್ಲಿ ಹುಣಸೆಯೇ ಮುಖ್ಯ. ಅರ್ಧ ಲೀಟರ್ ಹಾಗಲಕಾಯಿ ಅಥವಾ ಬದನೆಕಾಯಿ ಗೊಜ್ಜಿಗೆ 35 ಗ್ರಾಂ ಹಣ್ಣು, ಅಂದರೆ ಏಳು ಚಮಚ ಗಟ್ಟಿ ರಸ ಹಾಕಿ. ಬೆಲ್ಲ ಹಣ್ಣಿನಷ್ಟೇ ತೂಕದಿಂದ ಆರಂಭಿಸಿ. ಹಾಗಲಕಾಯಿಗೆ ಇನ್ನು ಸ್ವಲ್ಪ ಹೆಚ್ಚು ಬೇಕಾದೀತು. ಇಲ್ಲಿ ಎರಡನೇ ರಸ ಹೆಚ್ಚು ನೀರಾಗದಂತೆ ನೋಡಿಕೊಳ್ಳಿ. ಗೊಜ್ಜು ಇಂಗಿ ಎಣ್ಣೆ ಅಂಚಿನಲ್ಲಿ ಬಿಡುವಷ್ಟರಲ್ಲಿ ಹುಳಿ ಹಾಕಿದಾಗ ಇದ್ದದ್ದಕ್ಕಿಂತ ತೀಕ್ಷ್ಣವಾಗುವುದರಿಂದ, ಅಂತಿಮ ರುಚಿಯನ್ನು ಇಳಿಸುವ ಹೊತ್ತಿಗೆ ನೋಡಬೇಕು, ಕುದಿ ಬಂದಾಗಲ್ಲ.

ಅಂಗಡಿಯ ಕಪ್ಪು ಗಟ್ಟಿ ಹುಣಸೆ ಸಾರವನ್ನು ಬಳಸುವವರು ಅದನ್ನು ಮನೆಯ ರಸದಂತೆ ಚಮಚ ಚಮಚ ಹಾಕಬೇಡಿ. ಅದು ನೀರು ಇಂಗಿಸಿದ ಸಾರ, ಹಲವುಗಳಲ್ಲಿ ಉಪ್ಪೂ ಇರುತ್ತದೆ. ಒಂದು ಲೀಟರ್ ಸಾರಿಗೆ ಅರ್ಧ ಟೀ ಚಮಚವನ್ನು ಬಿಸಿನೀರಿನಲ್ಲಿ ಕರಗಿಸಿ ಆರಂಭಿಸಿ, ಮುಂದಿನದು ನಾಲಿಗೆ ಹೇಳಿದಂತೆ.

ಹುಳಿ ಹೆಚ್ಚಾದಾಗ

ಅಡುಗೆ ಸೋಡಾ ಹಾಕಬೇಡಿ. ಆಮ್ಲವೇನೋ ಸಾಯುತ್ತದೆ, ಜೊತೆಗೆ ಸಾರಿನ ಬಣ್ಣವೂ ಘಮವೂ ಸಾಯುತ್ತವೆ, ಸಾಬೂನಿನ ರುಚಿ ಉಳಿಯುತ್ತದೆ. ಬೆಲ್ಲ ಹಾಕಿದರೆ ಹುಳಿ ಕಡಿಮೆಯಾಗುವುದಿಲ್ಲ, ಮರೆಯಾಗುತ್ತದೆ ಅಷ್ಟೆ. ಸ್ವಲ್ಪ ಹೆಚ್ಚಾಗಿದ್ದಾಗ ಇದು ಸಾಕು. ಬಹಳ ಹೆಚ್ಚಾಗಿದ್ದರೆ ಹಿಗ್ಗಿಸುವುದೊಂದೇ ದಾರಿ. 12 ಗ್ರಾಂ ಹಾಕಬೇಕಾದ ಲೀಟರಿಗೆ 18 ಗ್ರಾಂ ಹಾಕಿದ್ದೀರಿ ಎಂದುಕೊಳ್ಳಿ. ಸರಿಯಾಗಬೇಕಾದರೆ ಒಟ್ಟು ಒಂದೂವರೆ ಲೀಟರ್ ಆಗಬೇಕು. ಅರ್ಧ ಲೀಟರ್ ಬೇಳೆ ಕಟ್ಟು ಸೇರಿಸಿ, ಅದಕ್ಕೆ ತಕ್ಕ ಉಪ್ಪು, ಪುಡಿ ಹಾಕಿ ಒಂದು ಕುದಿ ಬರಿಸಿ. ಅಷ್ಟು ಸಾರು ಬೇಡದಿದ್ದರೆ ಮೂರರಲ್ಲೊಂದು ಭಾಗವನ್ನು ಮೊದಲೇ ಬೇರೆ ತೆಗೆದಿಟ್ಟು, ಉಳಿದದ್ದನ್ನು ಕಟ್ಟಿನಿಂದ ಒಂದು ಲೀಟರಿಗೆ ತನ್ನಿ. ತೆಗೆದಿಟ್ಟದ್ದು ಮರುದಿನದ ಹುಳಿಗೆ ರಸದ ಬದಲು ನಡೆಯುತ್ತದೆ.

ಹೊಸ ಪೊಟ್ಟಣ ಒಡೆದಾಗ, ಹೆಚ್ಚು ಜನರಿಗೆ ಮಾಡುವಾಗ

ಹಣ್ಣು ಬದಲಾದ ದಿನ ಪಾತ್ರೆಯಲ್ಲಿ ಪರೀಕ್ಷೆ ಮಾಡುವ ಬದಲು ಬಟ್ಟಲಿನಲ್ಲಿ ಮಾಡಿ. ಹಳೆಯ ಹಣ್ಣು ಸ್ವಲ್ಪ ಉಳಿದಿರುವಾಗಲೇ ಎರಡರಿಂದಲೂ 10 ಗ್ರಾಂ ತೆಗೆದು, ಒಂದೇ ಬಗೆಯಲ್ಲಿ ನೆನೆಸಿ, ತಲಾ 30 ಮಿ.ಲೀ. ರಸ ಮಾಡಿಕೊಳ್ಳಿ. ಒಂದೊಂದರಿಂದ ಒಂದು ಟೀ ಚಮಚವನ್ನು ಅರ್ಧ ಲೋಟ ನೀರಿಗೆ ಹಾಕಿ, ಎರಡಕ್ಕೂ ಅಷ್ಟಷ್ಟೇ ಚಿಟಿಕೆ ಉಪ್ಪು ಸೇರಿಸಿ ರುಚಿ ನೋಡಿ. ಹೊಸತು ಹೆಚ್ಚು ಹುಳಿ ಎನಿಸಿದರೆ ಅದರ ಲೋಟಕ್ಕೆ ಸ್ವಲ್ಪ ಸ್ವಲ್ಪ ನೀರು ಸೇರಿಸುತ್ತ ಎರಡೂ ಸಮವಾಗುವಂತೆ ಮಾಡಿ. ಕಾಲು ಭಾಗ ಹೆಚ್ಚು ನೀರು ಬೇಕಾಯಿತೆಂದರೆ, ಈ ಪೊಟ್ಟಣ ಮುಗಿಯುವವರೆಗೆ 10 ಗ್ರಾಂ ಬದಲು 8 ಗ್ರಾಂ ಹಾಕಬೇಕು. ಆ ಅಂಕಿಯನ್ನು ಭರಣಿಯ ಮೇಲೆ ಚೀಟಿ ಅಂಟಿಸಿ ಬರೆದಿಡಿ.

ಹಬ್ಬಕ್ಕೋ ನಾಮಕರಣಕ್ಕೋ ನಲವತ್ತು ಜನರಿಗೆ ಸಾರು ಮಾಡುವಾಗ ಹತ್ತು ಲೀಟರಿಗೆ 120 ಗ್ರಾಂ ಎಂದು ನೇರವಾಗಿ ಗುಣಿಸಬಹುದು, ರಸ 360 ಮಿ.ಲೀ. ಆಗುತ್ತದೆ. ಆದರೆ ದೊಡ್ಡ ಪಾತ್ರೆಯಲ್ಲಿ ಸಾರು ಬಡಿಸುವವರೆಗೂ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಇರುತ್ತದೆ, ನೀರು ಇಂಗುತ್ತಲೇ ಹೋಗುತ್ತದೆ. ಆದ್ದರಿಂದ ಮೊದಲಿಗೆ 240 ಮಿ.ಲೀ. ಮಾತ್ರ ಹಾಕಿ ಉಳಿದದ್ದನ್ನು ಕುದಿಸಿ ಪಕ್ಕಕ್ಕಿಡಿ. ಜೊತೆಗೆ ಎರಡು ಲೀಟರ್ ಬಿಸಿ ಬೇಳೆ ಕಟ್ಟು ಬೇರೆ ಪಾತ್ರೆಯಲ್ಲಿ ಸಿದ್ಧವಿರಲಿ. ಮೂರನೇ ಪಂಕ್ತಿಯ ಹೊತ್ತಿಗೆ ಸಾರು ಬಿಗಿಯಾಗಿ ಹುಳಿ ಏರಿದಾಗ ಬಳಸಲು.